212 ಜನ ಮಾರುವವರನ್ನು ಸೇರಿಸಿದೆವು, 138 ಜನಕ್ಕೆ ಒಂದು ಆರ್ಡರೂ ಬರಲಿಲ್ಲ

ಮಾರುವವರನ್ನೂ ಕೊಳ್ಳುವವರನ್ನೂ ಒಂದೇ ಕಡೆ ಸೇರಿಸುವ ಆ್ಯಪ್ ಮಾಡಬೇಕು ಅಂತ ಹೊರಟಿರುವವರು, ಅದರಲ್ಲೂ ಯಾರದೋ ಕೈಲಿ ದುಡ್ಡು ಕೊಟ್ಟು ಪ್ಲಾನ್ ಬರೆಸಿಕೊಳ್ಳುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನೂ ನನ್ನ ಗೆಳತಿಯೂ ಮೈಸೂರಿನಲ್ಲಿ ಮನೆಯಲ್ಲೇ ತಿಂಡಿ ಮಾಡಿ ಮಾರುವ ಹೆಂಗಸರಿಗಾಗಿ ಇಂಥದ್ದೊಂದು ಶುರು ಮಾಡಿದ್ದೆವು. ಚಕ್ಕುಲಿ, ಕೋಡುಬಳೆ, ಹೋಳಿಗೆ, ಚಟ್ನಿಪುಡಿ. ಏಳು ತಿಂಗಳಿಗೆ ಮುಚ್ಚಿದೆವು. ತಿಂಡಿ ಚೆನ್ನಾಗಿತ್ತು, ಬೇಕು ಅನ್ನುವವರೂ ಇದ್ದರು. ಕೆಟ್ಟದ್ದು ಇಬ್ಬರನ್ನೂ ಸೇರಿಸಿದ ಕ್ರಮ.

ಪ್ಲಾನ್ ಬರೆದುಕೊಟ್ಟದ್ದು ಒಂದು ಸಲಹಾ ಸಂಸ್ಥೆ. ಅದಕ್ಕೆ 75,000 ರೂಪಾಯಿ ಕೊಟ್ಟೆವು. ಅವರ ಪ್ರಕಾರ ಮೊದಲೆರಡು ತಿಂಗಳು ಊರಿಡೀ ಸುತ್ತಿ ಮಾರುವವರನ್ನು ಸೇರಿಸಬೇಕು, ಮೂರನೇ ತಿಂಗಳು ಜಾಹೀರಾತು, ಕೂಪನ್ ಹಾಕಿ ಕೊಳ್ಳುವವರನ್ನು ಕರೆಯಬೇಕು. ಕೇಳೋಕೆ ಸರಿಯಾಗೇ ಇತ್ತು. ಅಂಗಡಿ ತುಂಬಿದ ಮೇಲಲ್ಲವೇ ಬಾಗಿಲು ತೆಗೆಯೋದು ಅಂದುಕೊಂಡೆವು. ಒಬ್ಬರನ್ನು ನೋಂದಾಯಿಸಿದರೆ 250 ರೂಪಾಯಿ ಅಂತ ಅವರ ಹುಡುಗರಿಗೇ ಕೆಲಸ ವಹಿಸಿದೆವು. ಎರಡು ತಿಂಗಳಲ್ಲಿ ಒಂಬತ್ತು ಬಡಾವಣೆಗಳಿಂದ 212 ಜನ ಸೇರಿದರು. 53,000 ರೂಪಾಯಿ ಹೋಯಿತು. ತಲೆಗಿಷ್ಟು ಅಂತ ದುಡ್ಡು ಕೊಟ್ಟರೆ ತಲೆಗಳೇ ಬರುತ್ತವೆ. ಆ ಪಟ್ಟಿಯಲ್ಲಿ ವರ್ಷಕ್ಕೊಮ್ಮೆ ದೀಪಾವಳಿಗೆ ಮಾತ್ರ ಮಾಡುವವರಿದ್ದರು, ಸ್ಮಾರ್ಟ್‌ಫೋನ್ ಮಗನ ಕೈಯಲ್ಲಿರುವವರೂ ಇದ್ದರು. ಮನೆಯಲ್ಲಿ ಮಾಡಿ ಮಾರುವವರಿಗೂ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಆಗ ಶುಲ್ಕ ವರ್ಷಕ್ಕೆ ನೂರು ರೂಪಾಯಿ ಇತ್ತು, ದೊಡ್ಡ ಖರ್ಚಲ್ಲ. ಆದರೆ 212 ಜನರಲ್ಲಿ ಬಹುಪಾಲು ಜನಕ್ಕೆ ಅದು ಇರಲಿಲ್ಲ, ನೋಂದಾಯಿಸಿದ ಹುಡುಗರು ಕೇಳಿಯೂ ಇರಲಿಲ್ಲ. ನಾವು ಪರಿಶೀಲಿಸದೆ ಮುಂದುವರಿದದ್ದು ತಪ್ಪು.

ಕುವೆಂಪುನಗರದ ಒಬ್ಬ ಅಮ್ಮ ಇದ್ದರು. ಬೆಣ್ಣೆ ಚಕ್ಕುಲಿ ಅವರ ಕೈಯಲ್ಲಿ ಹೂವಿನ ಹಾಗೆ ಬರುತ್ತಿತ್ತು. ಆ್ಯಪ್ ಶುರುವಾಗುವ ದಿನ ಆರ್ಡರ್ ಬಂದೇ ಬರುತ್ತೆ ಅಂತ ನಂಬಿ ಹಿಂದಿನ ರಾತ್ರಿ ಮೂರು ಕೆಜಿ ಕರಿದು, ಆರಿಸಿ, ಅರ್ಧರ್ಧ ಕೆಜಿ ಕವರ್‌ಗೆ ಹಾಕಿ ಬಾಯಿ ಮುಚ್ಚಿ ಇಟ್ಟಿದ್ದರು. ಮೊದಲ ವಾರ ಒಂದೇ ಒಂದು ಕವರ್ ಹೋಯಿತು. ಎರಡನೇ ವಾರ ನಾನು ಹೋದಾಗ ಉಳಿದ ಐದು ಕವರ್ ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಹಾಗೇ ಇದ್ದವು. "ಮೊಮ್ಮಕ್ಕಳಿಗೆ ಕೊಟ್ಟುಬಿಡ್ತೀನಿ ಬಿಡಮ್ಮ" ಅಂದರು. ಮೂರನೇ ವಾರ ಅವರಿಗೆ ಆರ್ಡರ್ ಬಂತು. ಅಷ್ಟು ಹೊತ್ತಿಗೆ ಅವರು ಆ್ಯಪ್ ನೋಡುವುದನ್ನೇ ಬಿಟ್ಟಿದ್ದರು, ಆರ್ಡರ್ ರದ್ದಾಯಿತು. ಆ ಗ್ರಾಹಕರು ಮತ್ತೆ ಬರಲಿಲ್ಲ.

ಎಲ್ಲಾ ಕಡೆಯೂ ಇದೇ ಕಥೆ. ಕೊಳ್ಳುವವರಿಗೆ ಬಾಗಿಲು ತೆಗೆದ ಮೊದಲ 30 ದಿನದಲ್ಲಿ 286 ಆರ್ಡರ್ ತಲುಪಿಸಿದೆವು. ಅದರಲ್ಲಿ 171 ಆರ್ಡರ್ ಒಂಬತ್ತೇ ಜನಕ್ಕೆ ಹೋಯಿತು, 138 ಜನಕ್ಕೆ ಒಂದೂ ಇಲ್ಲ. ನನ್ನ ಅನುಭವದಲ್ಲಿ, ಮಾರುವವರು ಬರಿಗೈಯಲ್ಲಿ ಕಾಯುವುದು ಎರಡು ವಾರ, ಹೆಚ್ಚೆಂದರೆ ಮೂರು. ಆಮೇಲೆ ಹೆಸರು ಪಟ್ಟಿಯಲ್ಲಿರುತ್ತದೆ, ಮನುಷ್ಯರು ಇರುವುದಿಲ್ಲ. ಹೊರಗಿನಿಂದ ನೋಡುವವರಿಗೆ ಅಂಗಡಿ ತುಂಬಿದ ಹಾಗೆ ಕಾಣುತ್ತದೆ, ಕೇಳಿದರೆ ಯಾವುದೂ ಸಿಗುವುದಿಲ್ಲ. ಖಾಲಿ ಅಂಗಡಿಗಿಂತ ಇದು ಕೆಟ್ಟದ್ದು, ಯಾಕೆಂದರೆ ಜನ ದುಡ್ಡು ಕಟ್ಟಿದ ಮೇಲೆ ಇಲ್ಲ ಅನ್ನಿಸಿಕೊಳ್ಳುತ್ತಾರೆ.

ದೂರದ್ದು ಇನ್ನೊಂದು ಕಷ್ಟ. ವಿಜಯನಗರದಲ್ಲಿ ಮಾರುವವರು, ಜೆ.ಪಿ. ನಗರದಲ್ಲಿ ಕೊಳ್ಳುವವರು. ಅರ್ಧ ಕೆಜಿ ಚಕ್ಕುಲಿಗೆ 190 ರೂಪಾಯಿ, ತಲುಪಿಸೋಕೆ 70. ಇದನ್ನು ಮುಚ್ಚಿಹಾಕೋಕೆ ಮೊದಲ ಆರ್ಡರ್‌ಗೆ 100 ರೂಪಾಯಿ ಕೂಪನ್ ಕೊಟ್ಟೆವು. ಮೂರು ತಿಂಗಳಲ್ಲಿ ಕೂಪನ್‌ಗೇ 1,08,000 ರೂಪಾಯಿ ಸುರಿದೆವು. ಮನೆಯವರೆಲ್ಲರ ನಂಬರ್‌ನಿಂದ ಒಂದೊಂದು ಸಲ ತರಿಸಿಕೊಂಡವರು ಬಹಳ, ಪೂರ್ತಿ ಬೆಲೆ ಕೊಟ್ಟು ಎರಡನೇ ಸಲ ತರಿಸಿಕೊಂಡವರು ಬಹಳ ಕಡಿಮೆ. ಆ ಸಂಖ್ಯೆಯನ್ನು ಸಲಹೆಗಾರರ ವರದಿಯಲ್ಲಿ ತೋರಿಸುತ್ತಲೇ ಇರಲಿಲ್ಲ. ಒಟ್ಟು ನೋಂದಣಿ, ಒಟ್ಟು ಡೌನ್‌ಲೋಡ್, ಎರಡೂ ಏರುತ್ತಲೇ ಇದ್ದವು, ನಾವೂ ಸಮಾಧಾನ ಪಟ್ಟುಕೊಳ್ಳುತ್ತಿದ್ದೆವು.

ಚೆನ್ನಾಗಿ ನಡೆಯುತ್ತಿದ್ದ ಆ ಒಂಬತ್ತು ಜನರೂ ನಮ್ಮ ಕೈ ತಪ್ಪಿದರು. ನಮ್ಮ ಕಮಿಷನ್ ಶೇಕಡಾ 18, ಅಂದರೆ ಅರ್ಧ ಕೆಜಿಗೆ 34 ರೂಪಾಯಿ. ಕವರ್ ಒಳಗೆ ಫೋನ್ ನಂಬರ್ ಬರೆದ ಚೀಟಿ ಹಾಕೋಕೆ ಶುರು ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಿರಾಕಿಯನ್ನು ಒಮ್ಮೆ ಪರಿಚಯ ಮಾಡಿಸಿದ್ದು ಬಿಟ್ಟರೆ ಎರಡನೇ ಆರ್ಡರ್‌ಗೆ ನಾವು ಅವರಿಗೆ ಮಾಡಿಕೊಡುತ್ತಿದ್ದ ಕೆಲಸವಾದರೂ ಏನು? ವಾರದ ಆರ್ಡರೆಲ್ಲ ಒಟ್ಟು ಮಾಡಿ ಕೊಡುವುದು, ಕವರ್ ಒದಗಿಸುವುದು, ಒಂದೇ ಸಲಕ್ಕೆ ಒಯ್ದು ತಲುಪಿಸುವುದು, ಇಂಥದ್ದೇನಾದರೂ ಇದ್ದಿದ್ದರೆ ಕಮಿಷನ್ ಕೇಳೋಕೆ ನಮಗೂ ಮುಖ ಇರುತ್ತಿತ್ತು.

ಸಲಹೆಗಾರರ ಸ್ಲೈಡಿನಲ್ಲಿ ಪ್ರವಾಸಿಗರಿಗೆ ಮನೆ, ಕೋಣೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಬಗ್ಗೆ ದೊಡ್ಡದಾಗಿ ಬರೆದಿತ್ತು. ಆದರೆ 2009ರಲ್ಲಿ ಅದರ ಸ್ಥಾಪಕರೇ ನ್ಯೂಯಾರ್ಕ್‌ಗೆ ಹೋಗಿ, ಬಾಡಿಗೆಗೆ ಕೊಡುವವರ ಮನೆಗಳಿಗೆ ಒಂದೊಂದಾಗಿ ಹೋಗಿ ಚೆನ್ನಾದ ಫೋಟೋ ತೆಗೆದುಕೊಟ್ಟಿದ್ದರು ಅನ್ನುವುದು ಆ ಸ್ಲೈಡಿನಲ್ಲಿ ಇರಲಿಲ್ಲ. ನಮಗೆ ಬೇಕಾಗಿದ್ದದ್ದು ಅದೇ ಭಾಗ.

ಆರನೇ ತಿಂಗಳಲ್ಲಿ, ಕೈಯಲ್ಲಿ ದುಡ್ಡು ಹೆಚ್ಚೇನೂ ಉಳಿಯದಿದ್ದಾಗ, ಸಲಹೆಗಾರರನ್ನು ಬಿಟ್ಟು ನಾವೇ ಒಂದು ಪ್ರಯತ್ನ ಮಾಡಿದೆವು. ಕುವೆಂಪುನಗರ ಮಾತ್ರ, ಹನ್ನೆರಡು ಜನ, ನಾಲ್ಕೇ ತಿಂಡಿ. ಎಲ್ಲರನ್ನೂ ಕೂರಿಸಿಕೊಂಡು ಎಫ್‌ಎಸ್‌ಎಸ್‌ಎಐ ನೋಂದಣಿಯ ಅರ್ಜಿ ತುಂಬಿಸಿದೆವು, ನೋಂದಣಿ ಕೈಗೆ ಬಂದ ಮೇಲೇ ಶುರು ಮಾಡಿದೆವು. ಅದೇ ಹೊತ್ತಿಗೆ ಹತ್ತಿರದ ನಾಲ್ಕು ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗ್ರೂಪ್‌ನವರ ಜೊತೆ ಮಾತಾಡಿಕೊಂಡೆವು. ಗುರುವಾರ ರಾತ್ರಿ ಆರ್ಡರ್ ಮುಗಿಯುತ್ತದೆ, ಶುಕ್ರವಾರ ಮಾಡುತ್ತಾರೆ, ಶನಿವಾರ ಸಂಜೆ ಅಪಾರ್ಟ್‌ಮೆಂಟ್ ಗೇಟಿಗೇ ಬರುತ್ತದೆ. ಮನೆಮನೆಗೆ ಹೋಗುವ ಖರ್ಚು ಅಲ್ಲಿಗೆ ನಿಂತಿತು. ಕೂಪನ್ ಪೂರ್ತಿ ತೆಗೆದೆವು. ಅದರ ಬದಲು ಮಾರುವವರಿಗೆ ಒಂದು ಮಾತು ಕೊಟ್ಟೆವು: ವಾರಕ್ಕೆ ಎರಡು ಕೆಜಿ ಮಾಡಿ, ಹೋಗದೆ ಉಳಿದದ್ದನ್ನು ಅದೇ ಬೆಲೆಗೆ ನಾವು ಕೊಳ್ಳುತ್ತೇವೆ.

ಮೊದಲ ವಾರ 24 ಕೆಜಿಯಲ್ಲಿ 15 ಕೆಜಿ ಹೋಯಿತು. ಉಳಿದ ಒಂಬತ್ತನ್ನು ಕೆಜಿಗೆ 380ರಂತೆ 3,420 ರೂಪಾಯಿ ಕೊಟ್ಟು ತೆಗೆದುಕೊಂಡು, ಅದೇ ಗೇಟುಗಳಲ್ಲಿ ರುಚಿ ನೋಡೋಕೆ ಹಂಚಿದೆವು. ಮೂರನೇ ವಾರ ನಾವು ಕೊಳ್ಳಬೇಕಾಗಿ ಬಂದದ್ದು ಎರಡೇ ಕೆಜಿ. ಮಾರುವವರು ಒಬ್ಬರೂ ಬಿಟ್ಟುಹೋಗಲಿಲ್ಲ, ಯಾಕೆಂದರೆ ಅವರಲ್ಲಿ ಒಬ್ಬರೂ ಬರಿಗೈಯಲ್ಲಿ ಕೂರಲಿಲ್ಲ. ಇದಕ್ಕೂ ಮಿತಿ ಇದೆ. ಈಗಲೇ ಬೇಕು ಅನ್ನುವವರಿಗೆ ಇದು ಆಗುವುದಿಲ್ಲ. ಎರಡನೇ ದಿನಕ್ಕೆ ಹಳಸುವ ತಿಂಡಿಯಲ್ಲಿ ಉಳಿದದ್ದನ್ನು ಕೊಳ್ಳುವ ಮಾತು ಕೊಡುವುದೂ ಅಪಾಯ. ಆದರೆ ಕೂಪನ್‌ಗೆ ಸುರಿದ ದುಡ್ಡಿನಲ್ಲಿ ಮೊದಲ ವಾರದಂಥ ಖರ್ಚನ್ನು ಮೂವತ್ತು ವಾರ ತಡೆದುಕೊಳ್ಳಬಹುದಿತ್ತು. ನಮ್ಮ ಬಳಿ ಉಳಿದಿದ್ದದ್ದು ಐದು ವಾರಕ್ಕೆ.

ನಿಮಗೆ ಯಾರಾದರೂ ಪ್ಲಾನ್ ಮಾರಲು ಬಂದರೆ ಒಟ್ಟು ನೋಂದಣಿ ಎಷ್ಟಾಗುತ್ತದೆ ಅಂತ ಕೇಳಬೇಡಿ. ಸೇರಿದ 30 ದಿನದೊಳಗೆ ನೂರರಲ್ಲಿ ಎಷ್ಟು ಮಾರುವವರಿಗೆ ಒಂದಾದರೂ ಆರ್ಡರ್ ಬರುತ್ತದೆ, ರಿಯಾಯಿತಿ ಇಲ್ಲದೆ ಎರಡನೇ ಸಲ ಕೊಳ್ಳುವವರು ಎಷ್ಟು ಅಂತ ಕೇಳಿ. ಉತ್ತರ ಕೊಡದೆ ಮಾತು ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ.

ಆ ಹನ್ನೆರಡು ಜನರನ್ನು ಆರಿಸುವಾಗ ನಾನು ಮೊದಲು ಹೋದದ್ದು ಚಕ್ಕುಲಿ ಅಮ್ಮನ ಮನೆಗೆ. ಉಳಿದದ್ದನ್ನು ನಾವೇ ಕೊಳ್ಳುತ್ತೇವೆ ಅಂತ ಹೇಳಿದೆ. ಕಾಫಿ ಕೊಟ್ಟರು, ಎಲ್ಲಾ ಕೇಳಿಸಿಕೊಂಡರು. "ಒಳ್ಳೇದಾಗಲಿ ಕಣಮ್ಮ, ಆದರೆ ಇನ್ನೊಂದು ಸಲ ನಂಬಿ ಎಣ್ಣೆ ಕಾಯಿಸೋಕೆ ನನಗೆ ಮನಸ್ಸು ಬರ್ತಿಲ್ಲ" ಅಂದರು.