ಮಗಳ ಜೊತೆ ನೋಡಿದ ನಾಲ್ಕು ಸಿನಿಮಾ: ಆತಂಕ, ಖಿನ್ನತೆಯನ್ನು ಯಾವುದು ಸರಿಯಾಗಿ ತೋರಿಸಿತು

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ ಗೆದ್ದದ್ದು 'ಎಯ್ತ್ ಗ್ರೇಡ್'. ಆದರೆ ಒಂದು ಆಯ್ಕೆ ಕೈಕೊಟ್ಟ ಮೇಲೆಯೇ ನಾನು ಅದರ ಹತ್ತಿರ ಬಂದದ್ದು.

ಮಗಳು ಮೊದಲ ಪಿಯುಸಿ, ಸೈನ್ಸ್. ದಸರಾ ರಜೆ ಮುಗಿದ ಮೇಲೆ ದಿನಾ ಬೆಳಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅನ್ನಲು ಶುರು ಮಾಡಿದಳು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಆಮೇಲೆ ಕೌನ್ಸೆಲರ್ ಹತ್ತಿರ ಹೋದಾಗ ಅದು ಆತಂಕ ಅಂತ ಗೊತ್ತಾಯಿತು. ಅವರ ಎದುರು ಅವಳು ಮಾತಾಡುತ್ತಿದ್ದಳು, ನನ್ನ ಎದುರು ಮಾತ್ರ ಇಲ್ಲ. ಶನಿವಾರ ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ಸಿನಿಮಾ ನೋಡುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಆ ಎರಡು ಗಂಟೆಯನ್ನೇ ಮಾತಿಗೆ ದಾರಿ ಮಾಡಿಕೊಳ್ಳೋಣ ಅಂದುಕೊಂಡೆ.

ಮೊದಲು ಹಾಕಿದ್ದು 2020ರ 'ಆಲ್ ದ ಬ್ರೈಟ್ ಪ್ಲೇಸಸ್'. ನಾನು ಟ್ರೇಲರ್ ಬಿಟ್ಟು ಬೇರೇನೂ ನೋಡಿರಲಿಲ್ಲ. ವೈಲೆಟ್ ಎಂಬ ಹುಡುಗಿ ಕಾರು ಅಪಘಾತದಲ್ಲಿ ಅಕ್ಕನನ್ನು ಕಳೆದುಕೊಂಡು ಮಂಕಾಗಿದ್ದಾಳೆ. ಫಿಂಚ್ ಎಂಬ ಹುಡುಗ ಅವಳನ್ನು ಇಂಡಿಯಾನಾ ರಾಜ್ಯದ ಚಿಕ್ಕ ಚಿಕ್ಕ ಊರುಗಳಿಗೆಲ್ಲ ಸುತ್ತಿಸಿ ಮತ್ತೆ ಬದುಕಿಗೆ ಎಳೆದು ತರುತ್ತಾನೆ. ಆದರೆ ಅವನೊಳಗೇ ಕತ್ತಲಿದೆ, ಕೊನೆಗೆ ಅವನು ಉಳಿಯುವುದಿಲ್ಲ. ನಟನೆ ಚೆನ್ನಾಗಿದೆ. ಸಾವನ್ನು ಎದುರಿಗೆ ತೋರಿಸುವುದೂ ಇಲ್ಲ, ಅಷ್ಟರ ಮಟ್ಟಿಗೆ ಎಚ್ಚರ ಇದೆ.

ಟಿವಿ ಆರಿಸಿದ ಮೇಲೆ ಮಗಳು ಕೇಳಿದಳು: "ಅಮ್ಮ, ಅವನು ಹೋದಮೇಲೇನೇ ಅವಳು ಸರಿಹೋದದ್ದು ಅಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ. ಆಮೇಲೆ ಯೋಚಿಸಿದಾಗ ಅವಳು ಕೇಳಿದ್ದು ಸರಿಯಾಗಿಯೇ ಇದೆ ಅನ್ನಿಸಿತು. ಕಥೆಯ ಕಟ್ಟೋಣವೇ ಹಾಗಿದೆ. ಒಬ್ಬನ ನೋವು ಇನ್ನೊಬ್ಬಳ ಪಾಠವಾಗುತ್ತದೆ. ಅವನ ಕೋಣೆಯ ಗೋಡೆಯ ಚೀಟಿಗಳು, ಅವನ ಅಲೆದಾಟ, ಅವನು ಕಣ್ಮರೆಯಾಗುವುದು ಎಲ್ಲಕ್ಕೂ ಒಂದು ಸೊಬಗು ಅಂಟಿಕೊಂಡಿದೆ. ಅವನ ಸುತ್ತ ದೊಡ್ಡವರೇ ಇಲ್ಲ ಅಂತಲ್ಲ; ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ, ಮನೆಯಲ್ಲಿ ಅಕ್ಕ ಇದ್ದಾಳೆ. ಆದರೆ ಅವರ ಸಹಾಯ ಅವನಿಗೆ ತಟ್ಟುವ ಒಂದು ದೃಶ್ಯವೂ ಕಥೆಗೆ ಬೇಕಾಗಿಲ್ಲ. ಹದಿನಾರು ವರ್ಷದ ಮಗು ಅದರಿಂದ ಏನನ್ನು ಮನೆಗೆ ತರುತ್ತದೆ ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಇದನ್ನು ಕೌನ್ಸೆಲರ್‌ಗೆ ಹೇಳಿದೆ. ಅವರು ಬೈಯಲಿಲ್ಲ, ಒಂದು ವಿಷಯ ವಿವರಿಸಿದರು. ಆತ್ಮಹತ್ಯೆ ಬರುವ ಇಂಥ ಕಥೆಗಳನ್ನು ಹೇಗೆ ತೋರಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿತ್ರತಂಡಗಳಿಗಾಗಿಯೇ ಒಂದು ಕೈಪಿಡಿ ತಂದಿದೆ. ವಿಧಾನ ತೋರಿಸಬೇಡಿ, ಒಂದೇ ಕಾರಣಕ್ಕೆ ಇಳಿಸಬೇಡಿ, ಸಹಾಯ ಕೇಳಿ ಚೇತರಿಸಿಕೊಂಡವರನ್ನು ತೋರಿಸಿ ಎನ್ನುವುದು ಅದರ ಸಾರ. ಕಷ್ಟದ ಗಳಿಗೆ ದಾಟಿ ಬಂದವರ ಕಥೆ ನೋಡುವವರನ್ನು ಕಾಪಾಡಬಹುದು ಎಂಬ ವಿಚಾರಕ್ಕೆ ಸಂಶೋಧಕರು 'ಪಾಪಗೆನೊ' ಎಂಬ ಹೆಸರಿಟ್ಟಿದ್ದಾರೆ. ಮೊಜಾರ್ಟ್‌ನ ಗೀತನಾಟಕವೊಂದರಲ್ಲಿ ಆ ಹೆಸರಿನವನು ಬದುಕು ಸಾಕು ಎಂದಾಗ ಮೂವರು ಬಾಲಕರು ಬಂದು ಬೇರೆ ದಾರಿ ನೆನಪಿಸುತ್ತಾರೆ. ಅಲ್ಲಿಂದ ಬಂದ ಹೆಸರು. ಅಂದಿನಿಂದ ಸಿನಿಮಾ ಆರಿಸುವಾಗ ಅತಿ ಕೆಟ್ಟ ಗಳಿಗೆಯ ನಂತರದ ಹತ್ತು ನಿಮಿಷದಲ್ಲಿ ಏನಾಗುತ್ತದೆ ಎಂದು ಮೊದಲು ನೋಡುತ್ತೇನೆ. ಯಾರಾದರೂ ಬರುತ್ತಾರಾ? ಬಂದವರು ಏನು ಮಾಡುತ್ತಾರೆ?

ಬಂಧುಗಳೆಲ್ಲ ಹೇಳಿದ್ದು 'ಛಿಛೋರೆ' (2019) ತೋರಿಸು ಅಂತ. ಪ್ರವೇಶ ಪರೀಕ್ಷೆಯಲ್ಲಿ ಸೋತ ಹುಡುಗ ಆಸ್ಪತ್ರೆಯಲ್ಲಿದ್ದಾನೆ, ಅಪ್ಪ ತನ್ನ ಹಾಸ್ಟೆಲ್ ದಿನಗಳ ಸೋಲಿನ ಕಥೆ ಹೇಳುತ್ತಾನೆ. ಸೋತರೆ ಆಕಾಶ ಬೀಳುವುದಿಲ್ಲ ಎಂಬುದನ್ನು ನಮ್ಮ ಮನೆಗಳಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದ ಚಿತ್ರ. ಆದರೆ ಹುಡುಗ ಬಹುಪಾಲು ಹಾಸಿಗೆಯಲ್ಲಿ, ಕಥೆಯೆಲ್ಲ ಅಪ್ಪನದು. ಆ ಮಗುವಿನ ತಲೆಯೊಳಗೆ ಏನು ನಡೆಯುತ್ತಿತ್ತು ಎಂದು ನನಗೆ ಕೊನೆಗೂ ಸಿಗಲಿಲ್ಲ. ಅದನ್ನು ತಂದೆ ತಾಯಂದಿರು ತಮಗಾಗಿ ನೋಡಿಕೊಳ್ಳಲಿ.

ಇನ್ನು 'ಎಯ್ತ್ ಗ್ರೇಡ್' (2018). ಬೋ ಬರ್ನಮ್ ನಿರ್ದೇಶನ. ತನಗೇ ಬರುತ್ತಿದ್ದ ಪ್ಯಾನಿಕ್ ಅಟ್ಯಾಕ್‌ಗಳಿಂದ ಈ ಕಥೆ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಕೇಯ್ಲಾಗೆ ಹದಿಮೂರು ವರ್ಷ, ಎಂಟನೇ ತರಗತಿಯ ಕೊನೆಯ ವಾರ. ಆತ್ಮವಿಶ್ವಾಸದಿಂದ ಇರುವುದು ಹೇಗೆ ಎಂದು ಯಾರೂ ನೋಡದ ವಿಡಿಯೋ ಮಾಡಿ ಹಾಕುತ್ತಾಳೆ, ಶಾಲೆಯಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಮುಖದ ಮೇಲಿನ ಮೊಡವೆಗಳನ್ನು ಸಿನಿಮಾ ಮುಚ್ಚಿಲ್ಲ. ಪಾತ್ರ ಮಾಡಿದ ಎಲ್ಸಿ ಫಿಶರ್ ಆಗಷ್ಟೇ ಎಂಟನೇ ತರಗತಿ ಮುಗಿಸಿದ ಹುಡುಗಿ, ಅದು ತೆರೆಯ ಮೇಲೆ ಕಾಣುತ್ತದೆ.

ಈಜುಕೊಳದ ಪಾರ್ಟಿಯ ದೃಶ್ಯ ಬಂದಾಗ ಮಗಳು ದಿಂಬು ಬಿಗಿಹಿಡಿದುಕೊಂಡಳು. ಕೇಯ್ಲಾ ಬಟ್ಟೆ ಬದಲಿಸಲು ಬಚ್ಚಲಿಗೆ ಹೋದವಳಿಗೆ ಉಸಿರು ಕಟ್ಟುತ್ತದೆ. ಅಲ್ಲಿ ಸೊಗಸಾದ ಕಣ್ಣೀರಿಲ್ಲ, ಸಂತೈಸುವ ಹುಡುಗನೂ ಬರುವುದಿಲ್ಲ. ಅದು ಇಳಿದ ಮೇಲೆ ಅವಳು ಹೊರಗೆ ಹೋಗುತ್ತಾಳೆ. ನಡುವೆ ತಾಳಲಾರದೆ ಅಪ್ಪನಿಗೆ ಫೋನ್ ಮಾಡಿ ಕರೆದುಕೊಂಡು ಹೋಗು ಎನ್ನುತ್ತಾಳೆ, ಆಮೇಲೆ ತಾನೇ ಮುಂದೆ ಬಂದು ಎಲ್ಲರೆದುರು ಹಾಡುತ್ತಾಳೆ. ಆತಂಕ ಹೋಗಿಬಿಟ್ಟಿತು ಎಂದು ಸಿನಿಮಾ ಎಲ್ಲೂ ಸುಳ್ಳು ಹೇಳುವುದಿಲ್ಲ. ಅದು ಇದ್ದುಕೊಂಡೇ ಒಂದು ಕೆಲಸ ಆಯಿತು, ಅಷ್ಟೇ. "ನನಗೂ ಕಾಲೇಜಿನ ಗೇಟ್ ಹತ್ತಿರ ಹೀಗೇ ಆಗೋದು" ಎಂದಳು ಮಗಳು. ಮೂರು ತಿಂಗಳಲ್ಲಿ ಅವಳು ನನಗೆ ಹೇಳಿದ ಮೊದಲ ವಿವರ ಅದು.

ಅಪ್ಪನ ಪಾತ್ರವೂ ನನಗೆ ಬೇಕಾಗಿತ್ತು. ಒಬ್ಬನೇ ಮಗಳನ್ನು ಸಾಕುತ್ತಿರುವವನು. ಊಟದ ಮೇಜಿನಲ್ಲಿ ತಪ್ಪು ತಪ್ಪಾಗಿ ಮಾತಾಡಿಸುತ್ತಾನೆ, ಅವಳು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೂರುತ್ತಾಳೆ. ಕೊನೆಯಲ್ಲಿ ಹಿತ್ತಲಲ್ಲಿ ಬೆಂಕಿಯ ಮುಂದೆ ಕೂತಾಗ, ನನ್ನಿಂದ ನಿನಗೆ ಬೇಜಾರಾಗುತ್ತದಾ ಎಂದು ಕೇಳುತ್ತಾಳೆ. ಅವನು ಉಪದೇಶ ಮಾಡುವುದಿಲ್ಲ. ಅವಳ ಅಪ್ಪನಾಗಿರುವುದೇ ತನಗೆ ಸಂತೋಷ ಎಂದು ತಡವರಿಸುತ್ತಾ ಹೇಳುತ್ತಾನೆ. ಕೆಟ್ಟ ಗಳಿಗೆಯ ನಂತರ ಯಾರು ಬರುತ್ತಾರೆ ಎಂಬ ನನ್ನ ಪ್ರಶ್ನೆಗೆ ಇದು ಉತ್ತರ.

ಈ ಸಿನಿಮಾದ ದೊಡ್ಡ ತೊಡಕು ಅದರ ಸರ್ಟಿಫಿಕೇಟ್. ಇದಕ್ಕಾಗಿ ನಾನು ಒಂದು ವಾರ ಒದ್ದಾಡಿದ್ದೇನೆ. ಮಕ್ಕಳ ಪ್ರೊಫೈಲಿನಲ್ಲಿ ಹುಡುಕಿದರೆ ಕಾಣಿಸಲೇ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಕೊಟ್ಟದ್ದು 'ಆರ್', ಅಂದರೆ ಹದಿನೇಳು ತುಂಬದವರು ದೊಡ್ಡವರಿಲ್ಲದೆ ನೋಡುವಂತಿಲ್ಲ. ಯಾರ ಕಥೆಯೋ ಅವರಿಗೇ ಬಾಗಿಲು ಮುಚ್ಚಿದಂತಾಯಿತು. ಆ ಕಾರಣಕ್ಕೇ 2018ರ ಆಗಸ್ಟ್‌ನಲ್ಲಿ ವಿತರಕರು ಪ್ರತಿ ರಾಜ್ಯದಲ್ಲೂ ಒಂದೊಂದು ಕಡೆ ವಯಸ್ಸಿನ ತಡೆಯಿಲ್ಲದೆ ಉಚಿತ ಪ್ರದರ್ಶನ ಇಟ್ಟರು. ನಮ್ಮಲ್ಲೂ ಈಗ ಯುಎ 7+, 13+, 16+ ಎಂದು ಗುರುತು ಹಾಕುತ್ತಾರೆ. ಆ ಅಂಕಿ ಬೈಗುಳ, ಹೊಡೆದಾಟ, ಮೈ ತೋರಿಸುವುದನ್ನು ಎಣಿಸಿ ಹೇಳುತ್ತದೆ. ಖಿನ್ನತೆಯನ್ನು ಚಂದಗಾಣಿಸಿದ್ದಾರೋ ಇಲ್ಲವೋ ಎನ್ನುವುದನ್ನು ಆ ಅಂಕಿಯಿಂದ ತಿಳಿಯಲಾಗುವುದಿಲ್ಲ.

ಹಾಗಂತ ಆ ಗುರುತು ಸುಳ್ಳೂ ಅಲ್ಲ. ಅಡುಗೆಮನೆಯಲ್ಲಿ ಬಾಳೆಹಣ್ಣು ಹಿಡಿದು ನಿಂತ ಒಂದು ದೃಶ್ಯ ಮುಜುಗರದ್ದು. ಅದಕ್ಕಿಂತ ಕಷ್ಟದ್ದು ಕಾರಿನ ದೃಶ್ಯ. ದೊಡ್ಡ ತರಗತಿಯ ಹುಡುಗನೊಬ್ಬ ಅವಳನ್ನು ಮನೆಗೆ ಬಿಡುವ ದಾರಿಯಲ್ಲಿ ಕಾರು ನಿಲ್ಲಿಸಿ, ಹಿಂದಿನ ಸೀಟಿಗೆ ಬಂದು ಆಟದ ನೆಪದಲ್ಲಿ ಬಟ್ಟೆ ತೆಗೆಯಲು ಒತ್ತಾಯಿಸುತ್ತಾನೆ. ಅವಳು ಬೇಡ ಎನ್ನುತ್ತಾಳೆ, ಅವನು ಮುಟ್ಟುವುದಿಲ್ಲ, ಆದರೆ ತಪ್ಪು ಅವಳದೇ ಎಂಬಂತೆ ಮಾತಾಡುತ್ತಾನೆ. ನಮ್ಮ ಮನೆಯಲ್ಲಿರುವುದು ಒಂದೇ ಟಿವಿ, ಅದೂ ಹಾಲ್‌ನಲ್ಲಿ, ಪಕ್ಕದಲ್ಲೇ ಅತ್ತೆಯ ಮಂಚ. ಎಲ್ಲರೆದುರು ಇದನ್ನು ಹಾಕಿ ಆ ಗಳಿಗೆಗೆ ರಿಮೋಟ್ ಒತ್ತಿ ಓಡಿಸಿದರೆ ಮಗಳಿಗೆ ಏನು ಅರ್ಥವಾಗುತ್ತದೆ? ಇಂಥದ್ದು ಆದರೆ ಅಮ್ಮನಿಗೆ ಹೇಳಬಾರದು ಅಂತ.

ಕೊನೆಗೆ ನಾನು ಒಬ್ಬಳೇ ಪೂರ್ತಿ ನೋಡಿ ಆ ದೃಶ್ಯಗಳ ಹೊತ್ತನ್ನು ಚೀಟಿಯಲ್ಲಿ ಬರೆದುಕೊಂಡೆ. ಶನಿವಾರ ಲ್ಯಾಪ್‌ಟಾಪನ್ನು ರೂಮಿಗೆ ಒಯ್ದೆವು. ಶುರುವಾಗುವ ಮೊದಲೇ ಅವಳಿಗೆ ಹೇಳಿದೆ: "ಕಾರಿನಲ್ಲಿ ಒಂದು ಕೆಟ್ಟ ಗಳಿಗೆ ಬರುತ್ತೆ ಪುಟ್ಟಿ. ಅವಳಿಗೆ ಏನೂ ಆಗಲ್ಲ. ಆಗ ನಾನು ಇರಲಾ, ಹೊರಗೆ ಹೋಗಲಾ?" ಹೊರಗೆ ಹೋಗು ಅಂದಳು. ಅಡುಗೆಮನೆಗೆ ಹೋಗಿ ಹಾಲು ಬಿಸಿ ಮಾಡಿದೆ. ಐದು ನಿಮಿಷ ಬಿಟ್ಟು ಅವಳೇ ಕರೆದಳು. ಕೇಯ್ಲಾ ಮನೆಗೆ ಬಂದು ಅಳುವ ಭಾಗವನ್ನು ಇಬ್ಬರೂ ಒಟ್ಟಿಗೆ ನೋಡಿದೆವು.

ಒಂದು ಮಿತಿ ಹೇಳಲೇಬೇಕು. 'ಎಯ್ತ್ ಗ್ರೇಡ್' ಆತಂಕದ ಕಥೆ, ಖಿನ್ನತೆಯದ್ದಲ್ಲ. ಖಿನ್ನತೆಗೆ ನಾನು ಇಟ್ಟುಕೊಂಡಿರುವುದು 2010ರ 'ಇಟ್ಸ್ ಕೈಂಡ್ ಆಫ್ ಎ ಫನಿ ಸ್ಟೋರಿ'. ಬ್ರೂಕ್ಲಿನ್‌ನ ಹದಿನಾರರ ಕ್ರೇಗ್ ಸಾಯುವ ಯೋಚನೆ ಬಂದಾಗ ತಾನೇ ಆಸ್ಪತ್ರೆಗೆ ಹೋಗಿ ಸಹಾಯ ಕೇಳುತ್ತಾನೆ. ಹದಿಹರೆಯದವರ ವಾರ್ಡ್ ದುರಸ್ತಿಯಲ್ಲಿರುವುದರಿಂದ ದೊಡ್ಡವರ ಜೊತೆ ಕನಿಷ್ಠ ಐದು ದಿನ ಇರಬೇಕಾಗುತ್ತದೆ. ಮಗಳಿಗೆ ತಟ್ಟಿದ್ದು ಅವನಿಗೆ ದೊಡ್ಡ ದುರಂತವೇನೂ ಆಗಿಲ್ಲ ಎನ್ನುವುದು. ಪ್ರೀತಿಸುವ ಮನೆ ಇದೆ, ಒಳ್ಳೆಯ ಶಾಲೆ ಇದೆ, ಆದರೂ ತಡೆಯಲಾಗುತ್ತಿಲ್ಲ. ಕಾರಣ ಇಲ್ಲದೆ ಬೇಜಾರು ಹೇಗಾಗುತ್ತೆ ಎಂದು ನಾನೇ ಅವಳನ್ನು ಕೇಳಿದ್ದೆ, ಆ ಮಾತು ಈಗ ನನ್ನನ್ನು ಚುಚ್ಚುತ್ತದೆ.

ಆದರೆ ಅದು ಎರಡನೇ ಸ್ಥಾನಕ್ಕೇ ನಿಂತಿತು. ವಾರ್ಡಿನಲ್ಲಿ ಒಂದು ಪ್ರೇಮ ಸೇರಿಸಿದ್ದಾರೆ, ಐದು ದಿನದಲ್ಲಿ ಬಹಳಷ್ಟು ಹಗುರಾಗಿಬಿಡುತ್ತದೆ. ಪೂರ್ತಿ ಗುಣವಾಗಿಲ್ಲ ಎಂದು ಕ್ರೇಗ್ ಹೇಳುತ್ತಾನೆ ನಿಜ, ಆದರೂ ನೋಡಿ ಮುಗಿಸಿದ ಮನಸ್ಸಿನಲ್ಲಿ ಉಳಿಯುವುದು ಆ ಹಗುರವೇ. ಔಷಧಿ, ಥೆರಪಿ ಎಷ್ಟು ತಿಂಗಳ ಕೆಲಸ ಎಂದು ನಾನು ಬಾಯಿಬಿಟ್ಟು ಹೇಳಬೇಕಾಯಿತು. ಆರಂಭದ ಕನಸಿನ ದೃಶ್ಯದ ಬಗ್ಗೆಯೂ ಮೊದಲೇ ಎಚ್ಚರಿಸಿ.

ಆರನೇ ತರಗತಿಯ ಮಗನಿಗೆ 'ಇನ್‌ಸೈಡ್ ಔಟ್ 2' ಸಾಕಾಯಿತು. ಹಾಕಿ ಆಟದ ನಡುವೆ ಹುಡುಗಿಗೆ ಎದೆ ಬಡಿದುಕೊಂಡು, ಕೂತ ಬೆಂಚನ್ನು ಮುಟ್ಟಿ, ಬಿಸಿಲು ಮೈಗೆ ತಾಗಿ ಉಸಿರು ಹಿಂದಿರುಗುವುದನ್ನು ಚಿಕ್ಕವರಿಗೂ ತಿಳಿಯುವಂತೆ ತೋರಿಸಿದ್ದಾರೆ. ಅದನ್ನು ಅತ್ತೆಯೂ ನೋಡಿದರು.

ಹಣದ ಲೆಕ್ಕಕ್ಕೆ ಬಂದರೆ, ನಾವು ಒಂದು ಹೊತ್ತಿಗೆ ಒಂದೇ ಚಂದಾ ಇಟ್ಟುಕೊಳ್ಳುವವರು, ಅಲ್ಲಿ ಇಲ್ಲದ್ದನ್ನು ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಒಂದಕ್ಕೆ ಮಾತ್ರ ದುಡ್ಡು ಕೊಡುವುದಾದರೆ, ಮೊದಲು ಒಬ್ಬರೇ ನೋಡುವ ಪುರುಸೊತ್ತು ಇರುವವರು 'ಎಯ್ತ್ ಗ್ರೇಡ್'ಗೆ ಕೊಡಿ. ಆ ಪುರುಸೊತ್ತು ಇಲ್ಲದಿದ್ದರೆ ಅದನ್ನು ಹಾಕಬೇಡಿ. ಮಗು ಈಗಲೇ ಊಟ ನಿದ್ದೆ ಬಿಟ್ಟು ಕೂತಿದ್ದರೆ, ಬದುಕು ಬೇಡ ಎಂಬ ಮಾತಾಡಿದ್ದರೆ ಯಾವ ಸಿನಿಮಾವೂ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಚೀಟಿ ಇನ್ನೂ ಫ್ರಿಜ್ ಮೇಲಿದೆ. ಮಗಳ ಗೆಳತಿಯ ಅಮ್ಮ ಕೇಳಿದ್ದಾರೆ, ಸೋಮವಾರ ಟ್ಯೂಷನ್ ಬಿಡುವ ಹೊತ್ತಿಗೆ ಕೊಡಬೇಕು.