ಕೋಳಿ ಗೊಬ್ಬರವೋ ಕೊಟ್ಟಿಗೆ ಗೊಬ್ಬರವೋ: ಎರಡು ಮಡಿಗಳಲ್ಲಿ ಕಂಡ ಉಪ್ಪಿನ ಲೆಕ್ಕ

ಕೋಳಿ ಗೊಬ್ಬರ ಅಂದರೆ ಉಪ್ಪು ಜಾಸ್ತಿ, ಕೊಟ್ಟಿಗೆ ಗೊಬ್ಬರ ಅಂದರೆ ತಂಪು. ನಾನೂ ಹಾಗೇ ನಂಬಿದ್ದೆ. ಎರಡು ವರ್ಷ ಪಕ್ಕಪಕ್ಕದ ಮಡಿಗಳಲ್ಲಿ ಎರಡನ್ನೂ ಹಾಕಿ ನೋಡಿದ ಮೇಲೆ ಮಣ್ಣು ಉಪ್ಪಾಗಿದ್ದು ಕೊಟ್ಟಿಗೆ ಗೊಬ್ಬರ ಹಾಕಿದ ಮಡಿಯಲ್ಲಿ. ಹೀಗೇಕೆ ಆಯ್ತು ಅನ್ನೋದು ಲೆಕ್ಕ ಹಾಕಿದರೆ ಮಾತ್ರ ಗೊತ್ತಾಗುತ್ತದೆ.

ಮಡಿ ಒಂದೊಂದೂ 20 ಚದರ ಮೀಟರ್. ಎರಡೂ ಪ್ಲಾಸ್ಟಿಕ್ ಮಾಡಿನ ಕೆಳಗಿವೆ, ಹನಿ ನೀರಾವರಿ ಇದೆ. ಮಳೆ ಬೀಳುವುದಿಲ್ಲ, ಹಾಗಾಗಿ ಹಾಕಿದ ಉಪ್ಪು ತೊಳೆದು ಹೋಗುವುದಿಲ್ಲ. ಬೆಳೆ ಎಲೆಕೋಸು, ಆಮೇಲೆ ಬೀನ್ಸ್. ಕೋಸಿಗೆ ಚದರ ಮೀಟರಿಗೆ 10 ಗ್ರಾಂ ಸಾರಜನಕ ಬೇಕು ಅಂತ ಇಟ್ಟುಕೊಂಡೆ. ಅಂದರೆ ಒಂದು ಮಡಿಗೆ 200 ಗ್ರಾಂ.

ಮೊದಲ ಸಲ ಎಡವಿದ್ದು ತೇವಾಂಶದಲ್ಲಿ. ಪ್ರಯೋಗಾಲಯದ ವರದಿಯಲ್ಲಿ ಕೊಟ್ಟಿಗೆ ಗೊಬ್ಬರದ ಸಾರಜನಕ 1.5% ಅಂತ ಇತ್ತು. ಅದು ಒಣ ತೂಕದ ಲೆಕ್ಕ. ನಾನು ತೂಗಿದ್ದು ರಾಶಿಯಿಂದ ತೆಗೆದ ಹಸಿ ಗೊಬ್ಬರ, ಅದರಲ್ಲಿ 60% ನೀರು. 44 ಕೆ.ಜಿ. ಸಾಕು ಅಂದುಕೊಂಡು ಹಾಕಿದೆ, ಕೋಸಿನ ಕೆಳಗಿನ ಎಲೆಗಳು ಹಳದಿಯಾಗಿ ಕೂತವು. ಆ ಬೆಳೆಯನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ.

ಸರಿಯಾದ ಲೆಕ್ಕ ಹೀಗೆ. ಒಂದು ಕೆ.ಜಿ. ಹಸಿ ಕೊಟ್ಟಿಗೆ ಗೊಬ್ಬರದಲ್ಲಿ ಒಣ ಭಾಗ 400 ಗ್ರಾಂ. ಅದರ 1.5% ಅಂದರೆ 6 ಗ್ರಾಂ ಸಾರಜನಕ. ಅದೆಲ್ಲ ಗಿಡಕ್ಕೆ ಒಂದೇ ಸಲ ಸಿಗುವುದಿಲ್ಲ. ಹೆಚ್ಚಿನದು ಸಾವಯವ ರೂಪದಲ್ಲಿ ಸಿಕ್ಕಿಕೊಂಡಿರುತ್ತದೆ, ಸೂಕ್ಷ್ಮಜೀವಿಗಳು ಅದನ್ನು ಒಡೆದು ಬಿಡಿಸಬೇಕು. ಮೊದಲ ವರ್ಷ ಬಿಡುಗಡೆಯಾಗುವುದು ಸುಮಾರು 30% ಅಂತ ಹಿಡಿದೆ. ಕೆ.ಜಿ.ಗೆ 1.8 ಗ್ರಾಂ ಆಯಿತು. 200 ಗ್ರಾಂ ಸಿಗಬೇಕಾದರೆ 111 ಕೆ.ಜಿ. ಹಾಕಬೇಕು.

ಕೋಳಿ ಗೊಬ್ಬರಕ್ಕೆ ಅದೇ ದಾರಿ, ಅಂಕಿ ಮಾತ್ರ ಬೇರೆ. ನೀರು 25%, ಒಣ ತೂಕದಲ್ಲಿ ಸಾರಜನಕ 3.2%. ಕೆ.ಜಿ.ಗೆ 24 ಗ್ರಾಂ. ಅದರಲ್ಲಿ ಯೂರಿಕ್ ಆಮ್ಲ ಇರುವುದರಿಂದ ಬೇಗ ಒಡೆಯುತ್ತದೆ, ಮೊದಲ ವರ್ಷವೇ ಅರ್ಧ ಸಿಗುತ್ತದೆ ಅಂತ ಹಿಡಿದೆ. 12 ಗ್ರಾಂ. ಹಾಗಾದರೆ ಮಡಿಗೆ ಬೇಕಿದ್ದು 16.7 ಕೆ.ಜಿ. ಮಾತ್ರ.

ಇನ್ನು ಉಪ್ಪು. ವರದಿಯಲ್ಲಿದ್ದ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಮೂರನ್ನೂ ಕೂಡಿಸಿದೆ. ಪೂರ್ತಿ ಲೆಕ್ಕ ಅಲ್ಲ, ಆದರೆ ಹೋಲಿಸೋಕೆ ಸಾಕು. ಕೊಟ್ಟಿಗೆ ಗೊಬ್ಬರದ ಒಣ ತೂಕದಲ್ಲಿ 3.2%, ಕೋಳಿ ಗೊಬ್ಬರದಲ್ಲಿ 3.8%. ಹಸಿ ತೂಕಕ್ಕೆ ತಂದರೆ ಕೆ.ಜಿ.ಗೆ 12.8 ಗ್ರಾಂ ಮತ್ತು 28.5 ಗ್ರಾಂ. ಇಲ್ಲಿಗೇ ನಿಲ್ಲಿಸಿದರೆ ಕೋಳಿ ಗೊಬ್ಬರವೇ ಖಳನಾಯಕ. ಆದರೆ ನಾವು ಹಾಕುವ ಪ್ರಮಾಣದಿಂದ ಗುಣಿಸಿ ನೋಡಿ. ಕೊಟ್ಟಿಗೆ ಗೊಬ್ಬರದಿಂದ ಮಡಿಗೆ ಬಿದ್ದ ಉಪ್ಪು 1.4 ಕೆ.ಜಿ. ಕೋಳಿ ಗೊಬ್ಬರದಿಂದ ಅರ್ಧ ಕೆ.ಜಿ.ಯೂ ಇಲ್ಲ. ಅದೇ 200 ಗ್ರಾಂ ಸಾರಜನಕಕ್ಕೆ ಮೂರು ಪಟ್ಟು ಉಪ್ಪು! ಕೆ.ಜಿ. ಗೊಬ್ಬರಕ್ಕೆ ಎಷ್ಟು ಉಪ್ಪು ಅನ್ನೋದಲ್ಲ, ಸಿಗುವ ಸಾರಜನಕದ ಒಂದೊಂದು ಗ್ರಾಂ ಜೊತೆ ಎಷ್ಟು ಉಪ್ಪು ಬರುತ್ತದೆ ಅನ್ನೋದೇ ಪ್ರಶ್ನೆ. ಚೆನ್ನಾಗಿ ಕಳಿತ ಕಾಂಪೋಸ್ಟ್ ಈ ಲೆಕ್ಕದಲ್ಲಿ ಇನ್ನೂ ಹಿಂದೆ ಬೀಳುತ್ತದೆ, ಯಾಕೆಂದರೆ ಅದು ಸಾರಜನಕ ಬಿಡುವುದು ಇನ್ನೂ ನಿಧಾನ.

ಆದರೂ ಕೋಳಿ ಗೊಬ್ಬರಕ್ಕೆ ಕೆಟ್ಟ ಹೆಸರು ಸುಮ್ನೆ ಬಂದಿದ್ದಲ್ಲ. ನಾನು ಅದನ್ನು ಹಾಕಿ ಮೂರನೇ ದಿನ ಸಸಿ ನೆಟ್ಟೆ. ಬೇರಿನ ಪಕ್ಕದಲ್ಲೇ ಗೊಬ್ಬರದ ಗಂಟುಗಳು ಇದ್ದವು. ಸಸಿಗಳ ಎಲೆ ತುದಿ ಸುಟ್ಟಿತು, ಅರ್ಧದಷ್ಟು ಸತ್ತವು. ಒಟ್ಟು ಉಪ್ಪು ಕಡಿಮೆ ಇದ್ದರೂ ಒಂದೇ ಕಡೆ ಗುಡ್ಡೆಯಾಗಿತ್ತು, ಜೊತೆಗೆ ಅಮೋನಿಯಾ ಬೇರೆ. ಮಣ್ಣಿನಲ್ಲಿ 15 ಸೆಂ.ಮೀ. ಆಳಕ್ಕೆ ಬೆರೆಸಿ, ನೀರು ಕೊಟ್ಟು, ಎರಡು ವಾರ ಬಿಟ್ಟು ನೆಟ್ಟಾಗ ತೊಂದರೆ ಆಗಲಿಲ್ಲ.

ಕೊಟ್ಟಿಗೆ ಗೊಬ್ಬರದ ಮಡಿಯಲ್ಲಿ ಕೋಸು ಎರಡು ವರ್ಷವೂ ಚೆನ್ನಾಗೇ ಬಂತು. ತಪ್ಪಾಗಿದ್ದು ಎರಡನೇ ವರ್ಷ ನಾನು ಮತ್ತೆ 111 ಕೆ.ಜಿ. ಹಾಕಿದ್ದು. ಮೊದಲ ವರ್ಷ ಹಾಕಿದ ಒಟ್ಟು ಸಾರಜನಕ 666 ಗ್ರಾಂ. ಅದರಲ್ಲಿ ಎರಡನೇ ವರ್ಷ ಇನ್ನೊಂದು 10%, ಅಂದರೆ 67 ಗ್ರಾಂ ತಾನಾಗಿಯೇ ಬಿಡುಗಡೆಯಾಗುತ್ತದೆ ಅಂತ ಹಿಡಿಯಬಹುದಿತ್ತು. ಆ ಬಾಕಿ ಕಳೆದಿದ್ದರೆ ಹೊಸದಾಗಿ 133 ಗ್ರಾಂ ಸಾಕಿತ್ತು, ಗೊಬ್ಬರ 74 ಕೆ.ಜಿ. ಸಾಕಿತ್ತು. ಉಳಿದ 37 ಕೆ.ಜಿ. ಹೆಚ್ಚಾಗಿ ತಂದಿದ್ದು ಉಪ್ಪನ್ನೇ.

ಆಮೇಲೆ ಬಿತ್ತಿದ ಬೀನ್ಸ್ ಸತ್ಯ ಹೇಳಿತು. ಮಣ್ಣು ಒದ್ದೆ ಇದ್ದರೂ ಮಧ್ಯಾಹ್ನ ಬಾಡುತ್ತಿತ್ತು, ಎಲೆಯಂಚು ಕಂದಾಗಿತ್ತು. ಹನಿ ಕೊಳವೆಯಿಂದ ತುಸು ದೂರ, ಒದ್ದೆ ಮಣ್ಣು ಮುಗಿಯುವ ಅಂಚಿನಲ್ಲಿ ಬಿಳಿ ಪುಡಿ ಕಂಡಿತು. ಒಂದು ಪಾಲು ಮಣ್ಣಿಗೆ ಎರಡು ಪಾಲು ಬಟ್ಟಿ ಇಳಿಸಿದ ನೀರು ಹಾಕಿ, ಕಲಸಿ, ಅರ್ಧ ಗಂಟೆ ಬಿಟ್ಟು, ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಕರಗಿದ ಉಪ್ಪನ್ನು ಅಂದಾಜು ಮಾಡುವ ಇಸಿ ಮೀಟರ್ ಅದ್ದಿದೆ. ಶುರುವಿನಲ್ಲಿ ಎರಡೂ ಮಡಿಗಳಲ್ಲಿ 0.3 ಇತ್ತು (ಡೆಸಿಸೀಮನ್ಸ್ ಪ್ರತಿ ಮೀಟರಿಗೆ). ಈಗ ಕೋಳಿ ಗೊಬ್ಬರದ ಮಡಿಯಲ್ಲಿ 0.4, ಕೊಟ್ಟಿಗೆ ಗೊಬ್ಬರದ ಮಡಿಯಲ್ಲಿ 0.7. ಕೇಳೋಕೆ ಚಿಕ್ಕ ಅಂಕಿ, ಅಲ್ವಾ? ಆದರೆ ಬೆಳೆ ತಡೆಯುವ ಮಿತಿಗಳನ್ನು ಕೊಡುವುದು ನೀರು ತುಂಬಿದ ಮಣ್ಣಿನ ರಸದ ಲೆಕ್ಕದಲ್ಲಿ. ಅದಕ್ಕೆ ಈ ಅಂಕಿಯನ್ನು ಸುಮಾರು ಎರಡರಿಂದ ಗುಣಿಸಬೇಕು, ಮಣ್ಣಿನ ಬಗೆ ಬದಲಾದರೆ ಇದೂ ಬದಲಾಗುತ್ತದೆ. 0.7 ಅಂದರೆ 1.4. ಬೀನ್ಸ್ ಇಳುವರಿ ಕಡಿಮೆಯಾಗೋಕೆ ಶುರುವಾಗುವುದು 1.0ಕ್ಕೆ. ಕೋಸಿನ ಮಿತಿ 1.8, ಹಾಗಾಗಿ ಅದು ಏನೂ ಆಗದವರಂತೆ ಬೆಳೆದಿತ್ತು.

ಕಟಾವಾದ ಮೇಲೆ ಆ ಮಡಿಯನ್ನು ತೊಳೆದೆ. 30 ಸೆಂ.ಮೀ. ಮಣ್ಣಿನ ಮೂಲಕ 15 ಸೆಂ.ಮೀ. ನೀರು ಇಳಿದರೆ ಸುಮಾರು ಅರ್ಧ ಉಪ್ಪು ಕೆಳಗೆ ಹೋಗುತ್ತದೆ. ನನ್ನ ಮಡಿಗೆ ಅದು 3,000 ಲೀಟರ್. ನೀರು ಬಸಿಯುವ ಮಣ್ಣಾದರೆ ಮಾತ್ರ ಇದು ನಡೆಯುತ್ತದೆ. ಜೊತೆಗೆ ನೈಟ್ರೇಟ್ ಕೂಡ ಹೋಗುತ್ತದೆ, ಬೆಳೆ ಇರುವಾಗ ಮಾಡಿದರೆ ಗೊಬ್ಬರವನ್ನೇ ತೊಳೆದ ಹಾಗೆ.

ಯಾವುದು ಮೇಲು ಅಂತ ಕೇಳಿದರೆ, ಮಾಡಿನ ಕೆಳಗೆ ಪೂರ್ತಿ ಸಾರಜನಕವನ್ನು ಒಂದೇ ಗೊಬ್ಬರದಿಂದ ಕೊಡುವುದಾದರೆ ನನ್ನ ಓಟು ಕೋಳಿ ಗೊಬ್ಬರಕ್ಕೆ. ಆದರೆ ಎರಡರಲ್ಲೂ ರಂಜಕ ವಿಪರೀತ ಬೀಳುತ್ತದೆ: ಕೊಟ್ಟಿಗೆ ಗೊಬ್ಬರದಿಂದ 440 ಗ್ರಾಂ, ಕೋಳಿ ಗೊಬ್ಬರದಿಂದ 375 ಗ್ರಾಂ (ಎರಡೂ P₂O₅ ಲೆಕ್ಕದಲ್ಲಿ). ಬೆಳೆಗೆ ನಾನು ಇಟ್ಟುಕೊಂಡಿದ್ದು 100 ಗ್ರಾಂ. ಅದಕ್ಕೇ ಈಗ ಮೂರನೇ ದಾರಿ ಹಿಡಿದಿದ್ದೇನೆ. ರಂಜಕದ 100 ಗ್ರಾಂ ತುಂಬುವಷ್ಟು ಮಾತ್ರ, ಅಂದರೆ 25 ಕೆ.ಜಿ. ಕೊಟ್ಟಿಗೆ ಗೊಬ್ಬರ. ಅದರಿಂದ 45 ಗ್ರಾಂ ಸಾರಜನಕ, 320 ಗ್ರಾಂ ಉಪ್ಪು. ಉಳಿದ 155 ಗ್ರಾಂ ಸಾರಜನಕಕ್ಕೆ 337 ಗ್ರಾಂ ಯೂರಿಯಾ, ಮೂರು ಕಂತಿನಲ್ಲಿ ಹನಿ ನೀರಿನ ಜೊತೆ. ಪೂರ್ತಿ ಸಾವಯವ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ, ಗೊತ್ತು. ಅವರು ಆ ಉಳಿದ ಪಾಲನ್ನು ಹಿಂಡಿಯಿಂದ ತುಂಬಬಹುದು. ಅದಕ್ಕೂ ಇದೇ ಲೆಕ್ಕ ಹಾಕಿಕೊಂಡು, ಪ್ರತಿ ಬೆಳೆ ಮುಗಿದಾಗ ಒಂದು ಸಲ ಇಸಿ ನೋಡಬೇಕು.