ಹಳೆ ಯಂತ್ರ ನಷ್ಟಕ್ಕೆ ಮಾರಿದರೂ ತೆರಿಗೆ ಬಂತು: ಮಾರ್ಚ್ 31ರ ಮೊದಲು ಬ್ಲಾಕ್ ಲೆಕ್ಕ ನೋಡಿಕೊಳ್ಳಿ

ಯಂತ್ರ ಮಾರುವ ಯೋಚನೆಯಲ್ಲಿರುವ ಸಣ್ಣ ಕಾರ್ಖಾನೆಯವರು ಮತ್ತು ಅವರ ಲೆಕ್ಕ ಬರೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ಪಾಲುದಾರಿಕೆ ಸಂಸ್ಥೆಗೆ ಎರಡು ಹಳೆಯ ಲೇತ್ ಯಂತ್ರಗಳ ಮಾರಾಟದಿಂದ ಎರಡು ಲಕ್ಷಕ್ಕೂ ಹೆಚ್ಚು ತೆರಿಗೆ, ಅದರ ಮೇಲೆ ಬಡ್ಡಿ, ಜೊತೆಗೆ ದಂಡದ ನೋಟಿಸ್ ಬಂದಿದೆ. ಅವರ ಪುಸ್ತಕದಲ್ಲಿ ಮಾತ್ರ ಆ ಮಾರಾಟ ನಷ್ಟ ಎಂದೇ ಇತ್ತು. ಸಂಸ್ಥೆಯ ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಸರಳ ಮಾಡಿದ್ದೇವೆ, ಲೆಕ್ಕದ ದಾರಿ ಮಾತ್ರ ನಡೆದಂತೆಯೇ ಇದೆ.

ಆ ಸಂಸ್ಥೆ 2018ರ ಏಪ್ರಿಲ್ 1ರಂದು ಎರಡು ಬಳಸಿದ ಯಂತ್ರಗಳನ್ನು ಜಿಎಸ್‌ಟಿ ಬಿಟ್ಟು ಒಟ್ಟು 30 ಲಕ್ಷಕ್ಕೆ ಕೊಂಡು ಅಂದೇ ಬಳಕೆಗೆ ಹಾಕಿತ್ತು. ಬಳಸಿದ ಯಂತ್ರಗಳಾದ್ದರಿಂದ 20 ಶೇಕಡಾ ಹೆಚ್ಚುವರಿ ಸವಕಳಿಯ ಪ್ರಶ್ನೆ ಇರಲಿಲ್ಲ. ಪುಸ್ತಕದಲ್ಲಿ ಲೆಕ್ಕಿಗರು ಸ್ಟ್ರೈಟ್ ಲೈನ್ ಪದ್ಧತಿ ಹಿಡಿದರು. ಕಂಪನಿಗಳಿಗೆ ಇರುವಂತೆ 15 ವರ್ಷದ ಆಯುಷ್ಯ, ಕೊನೆಗೆ ಉಳಿಯುವ ಬೆಲೆ 5 ಶೇಕಡಾ ಎಂದು ಇಟ್ಟುಕೊಂಡರು. 30 ಲಕ್ಷದ 95 ಶೇಕಡಾ, ಅಂದರೆ 28,50,000, ಅದನ್ನು 15ರಿಂದ ಭಾಗಿಸಿದರೆ ವರ್ಷಕ್ಕೆ 1,90,000. ಪ್ರತಿ ವರ್ಷ ಅಷ್ಟೇ ಮೊತ್ತ ಕಳೆಯುತ್ತಾ ಹೋಗುವುದು. ಪುಸ್ತಕಕ್ಕೆ ಇದು ಸರಿಯಾದ ಪದ್ಧತಿಯೇ, ಅದರಲ್ಲಿ ತಪ್ಪಿಲ್ಲ.

ಆದರೆ ಆದಾಯ ತೆರಿಗೆಗೆ ಈ ಲೆಕ್ಕ ನಡೆಯುವುದಿಲ್ಲ. 1961ರ ಕಾಯ್ದೆಯ ಸೆಕ್ಷನ್ 32ರಲ್ಲಿ ಸ್ಟ್ರೈಟ್ ಲೈನ್ ಆಯ್ಕೆ ಇರುವುದು ವಿದ್ಯುತ್ ಉತ್ಪಾದಿಸುವ ಉದ್ಯಮಗಳಿಗೆ ಮಾತ್ರ. ಉಳಿದವರೆಲ್ಲರೂ ಡಬ್ಲ್ಯುಡಿವಿ, ಅಂದರೆ ಸವಕಳಿ ಕಳೆದು ಉಳಿದ ಬೆಲೆಯ ಪದ್ಧತಿಯನ್ನೇ ಹಿಡಿಯಬೇಕು. ಸಾಮಾನ್ಯ ಯಂತ್ರಗಳಿಗೆ ದರ 15 ಶೇಕಡಾ, ಅದೂ ಮೂಲ ಬೆಲೆಯ ಮೇಲಲ್ಲ, ಹಿಂದಿನ ವರ್ಷ ಉಳಿದ ಮೊತ್ತದ ಮೇಲೆ. ಈ ಯಂತ್ರಗಳಿಗೆ ಮೊದಲ ವರ್ಷ 4,50,000 ಸವಕಳಿ ಸಿಕ್ಕಿತು, ಎರಡನೇ ವರ್ಷ 3,82,500, ಮೂರನೇ ವರ್ಷ 3,25,125. ಐದು ವರ್ಷ ಮುಗಿದು 2023ರ ಏಪ್ರಿಲ್ 1ಕ್ಕೆ ತೆರಿಗೆ ಲೆಕ್ಕದಲ್ಲಿ ಉಳಿದಿದ್ದು 13,31,116. ಅದೇ ದಿನ ಪುಸ್ತಕದಲ್ಲಿ ಉಳಿದಿದ್ದು 20,50,000.

ಈ ಎರಡು ಮೊತ್ತಗಳ ನಡುವಿನ 7 ಲಕ್ಷಕ್ಕೂ ಮೀರಿದ ಅಂತರವನ್ನು ಯಾರೂ ಗಮನಿಸಲಿಲ್ಲ. ಡಬ್ಲ್ಯುಡಿವಿಯಲ್ಲಿ ಮೊದಲ ವರ್ಷಗಳಲ್ಲಿ ಹೆಚ್ಚು ಸವಕಳಿ ಸಿಗುತ್ತದೆ, ಹಾಗಾಗಿ ತೆರಿಗೆ ಕಡಿಮೆ ಕಟ್ಟಿರುತ್ತೇವೆ. ಈ ಉದಾಹರಣೆಯಲ್ಲಿ ತೆರಿಗೆಯ ಸವಕಳಿ ಪುಸ್ತಕದ 1,90,000ಕ್ಕಿಂತ ಕೆಳಗೆ ಇಳಿಯುವುದು ಏಳನೇ ವರ್ಷದಲ್ಲಿ. ಅಲ್ಲಿಯವರೆಗೆ ತೆರಿಗೆ ಲೆಕ್ಕದ ಬೆಲೆ ಪುಸ್ತಕದ ಬೆಲೆಗಿಂತ ವರ್ಷ ವರ್ಷವೂ ಇನ್ನಷ್ಟು ಕೆಳಕ್ಕೆ ಸರಿಯುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಒಳ್ಳೆಯ ಬೆಲೆಗೆ ಯಂತ್ರ ಮಾರಿದರೆ, ಹಿಂದೆ ಪಡೆದ ಸವಕಳಿಯ ಒಂದು ಪಾಲು ತೆರಿಗೆಗೆ ವಾಪಸ್ ಬರುತ್ತದೆ.

2024ರ ಜನವರಿ 31ರಂದು ಎರಡೂ ಯಂತ್ರಗಳನ್ನು 17 ಲಕ್ಷಕ್ಕೆ ಮಾರಿದರು, ಒಂದು 12 ಲಕ್ಷಕ್ಕೆ, ಇನ್ನೊಂದು 5 ಲಕ್ಷಕ್ಕೆ. ಪುಸ್ತಕದಲ್ಲಿ ಹತ್ತು ತಿಂಗಳ ಸವಕಳಿ ಕಳೆದ ಮೇಲೆ ಉಳಿದ ಬೆಲೆ 18,91,667. ಹಾಗಾಗಿ 1,91,667 ನಷ್ಟ ಎಂದು ಲಾಭ ನಷ್ಟ ಖಾತೆಗೆ ಹಾಕಿದರು. ಹೊಸ ಯಂತ್ರಕ್ಕೆ ಫೆಬ್ರವರಿಯಲ್ಲೇ ಮುಂಗಡ ಕೊಟ್ಟಿದ್ದರು. 25 ಲಕ್ಷದ ಆ ಯಂತ್ರದ ಬಿಲ್ಲು ಮತ್ತು ಡೆಲಿವರಿ ಎರಡೂ ಆದದ್ದು ಏಪ್ರಿಲ್ 12ಕ್ಕೆ. ಕಂಪ್ರೆಸರ್, ಜನರೇಟರ್ ಎಲ್ಲ ಬಾಡಿಗೆಯವು, ಕಾರು ಪಾಲುದಾರರೊಬ್ಬರ ಹೆಸರಿನಲ್ಲಿತ್ತು. ಅಂದರೆ ಮಾರ್ಚ್ 31ರಂದು ಸಂಸ್ಥೆಯ 15 ಶೇಕಡಾ ಬ್ಲಾಕಿನಲ್ಲಿ ಒಂದು ವಸ್ತುವೂ ಇರಲಿಲ್ಲ.

ಬ್ಲಾಕ್ ಏನೆಂದು ಸ್ಪಷ್ಟವಾಗದೆ ಮುಂದಿನದು ಅರ್ಥವಾಗುವುದಿಲ್ಲ. ಒಂದೇ ವರ್ಗದ, ಒಂದೇ ಸವಕಳಿ ದರದ ಆಸ್ತಿಗಳೆಲ್ಲ ಸೇರಿ ಒಂದು ಬ್ಲಾಕ್. ಲೇತ್, ಡ್ರಿಲ್ಲಿಂಗ್ ಯಂತ್ರ, ಎಸಿ, ಸಂಸ್ಥೆಯ ಕಾರು, ಎಲ್ಲವೂ 15 ಶೇಕಡಾ ಬ್ಲಾಕಿಗೇ ಸೇರುತ್ತವೆ. ಕಂಪ್ಯೂಟರ್ 40 ಶೇಕಡಾದ ಬೇರೆ ಬ್ಲಾಕ್, ಪೀಠೋಪಕರಣ 10 ಶೇಕಡಾದ ಇನ್ನೊಂದು. ನಾಲ್ಕು ಬಾವಿಯ ನೀರನ್ನು ಒಂದೇ ಹಂಡೆಗೆ ಸುರಿದ ಮೇಲೆ ಯಾವ ನೀರು ಯಾವ ಬಾವಿಯದು ಎಂದು ಬೇರೆ ಮಾಡಲಾಗದು, ಹಾಗೆಯೇ ಬ್ಲಾಕಿಗೆ ಸೇರಿದ ಯಂತ್ರಕ್ಕೆ ತೆರಿಗೆ ಲೆಕ್ಕದಲ್ಲಿ ಪ್ರತ್ಯೇಕ ಬೆಲೆ ಇರುವುದಿಲ್ಲ. ಕೊಂಡರೆ ಬೆಲೆ ಒಳಗೆ ಸೇರುತ್ತದೆ, ಮಾರಿದರೆ ಬಂದ ಹಣ ಹೊರಗೆ ಹೋಗುತ್ತದೆ. ಒಂದೊಂದು ಯಂತ್ರದ ಲಾಭ ನಷ್ಟ ಎಂಬ ಮಾತೇ ಅಲ್ಲಿಲ್ಲ.

ಹಾಗಾಗಿ ಸಂಸ್ಥೆಯ ನಿಜವಾದ ಲೆಕ್ಕ ಇಷ್ಟೇ:

```
ಆರಂಭದ ಡಬ್ಲ್ಯುಡಿವಿ (1-4-2023)   13,31,116
ಸೇರಿಸಿದ್ದು                               0
ಮಾರಾಟದಿಂದ ಬಂದದ್ದು            17,00,000
ಹೆಚ್ಚುವರಿ                       3,68,884
```

ಈ 3,68,884 ಸೆಕ್ಷನ್ 50ರ ಪ್ರಕಾರ ಅಲ್ಪಾವಧಿ ಬಂಡವಾಳ ಲಾಭ. ಯಂತ್ರ ಸುಮಾರು ಆರು ವರ್ಷ ನಿಮ್ಮ ಬಳಿ ಇದ್ದರೂ ಅದು ಅಲ್ಪಾವಧಿಯದೇ, ತೆರಿಗೆಯೂ ಮಾಮೂಲಿ ದರದಲ್ಲೇ. ಪಾಲುದಾರಿಕೆ ಸಂಸ್ಥೆಗೆ ಅದು ಸೆಸ್ ಸೇರಿ 31.2 ಶೇಕಡಾ.

ರಿಟರ್ನಿನಲ್ಲಿ ಆದದ್ದು ಒಂದರ ಮೇಲೊಂದು ಮೂರು ತಪ್ಪು. ಈ ಬಂಡವಾಳ ಲಾಭ ತೋರಿಸಿರಲಿಲ್ಲ. ಪುಸ್ತಕದ 1,91,667 ನಷ್ಟವನ್ನು ತೆರಿಗೆ ಲೆಕ್ಕದಲ್ಲಿ ವಾಪಸ್ ಸೇರಿಸಿರಲಿಲ್ಲ, ಆ ನಷ್ಟ ವ್ಯಾಪಾರದ ಖರ್ಚಲ್ಲ. ಯಂತ್ರ ಹತ್ತು ತಿಂಗಳು ಓಡಿತ್ತಲ್ಲ ಎಂದು ಆರಂಭದ ಡಬ್ಲ್ಯುಡಿವಿ ಮೇಲೆ 15 ಶೇಕಡಾ, ಅಂದರೆ 1,99,667 ಸವಕಳಿಯನ್ನೂ ಹಾಕಿದ್ದರು. ಸವಕಳಿ ಲೆಕ್ಕ ಹಾಕುವುದು ವರ್ಷದ ಕೊನೆಗೆ ಬ್ಲಾಕಿನಲ್ಲಿ ಉಳಿದ ಮೊತ್ತದ ಮೇಲೆ. ಉಳಿದದ್ದು ಸೊನ್ನೆಯಾದರೆ ಸವಕಳಿಯೂ ಸೊನ್ನೆ, ಯಂತ್ರ ಎಷ್ಟು ತಿಂಗಳು ಓಡಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮೂರೂ ಸೇರಿ 7,60,218 ಆದಾಯ ಕಡಿಮೆ ತೋರಿಸಿದಂತಾಯಿತು, ಅದರ ತೆರಿಗೆ 2,37,188. ಮೇಲೆ ಮುಂಗಡ ತೆರಿಗೆ ಸರಿಯಾಗಿ ಕಟ್ಟದ್ದಕ್ಕೆ 234ಬಿ, 234ಸಿ ಬಡ್ಡಿ, ಜೊತೆಗೆ ಸೆಕ್ಷನ್ 270ಎ ನೋಟಿಸ್. ಆದಾಯ ಕಡಿಮೆ ತೋರಿಸಿದ್ದಕ್ಕೆ ಅದರಡಿ ದಂಡ ತೆರಿಗೆಯ 50 ಶೇಕಡಾ. 2024ರ ಡಿಸೆಂಬರ್ 31ರೊಳಗೆ ಪರಿಷ್ಕೃತ ರಿಟರ್ನ್ ಹಾಕಿದ್ದರೆ ದಂಡದ ಮಾತೇ ಬರುತ್ತಿರಲಿಲ್ಲ. ಆದರೆ ತಪ್ಪಾಗಿದೆ ಎಂದು ಗೊತ್ತಾಗಿದ್ದೇ ಪರಿಶೀಲನೆಯಲ್ಲಿ.

ಬೇಸರದ ಸಂಗತಿ ಎಂದರೆ, ಈ ತೆರಿಗೆ ಆ ವರ್ಷ ಬರಲೇಬೇಕೆಂದೇನೂ ಇರಲಿಲ್ಲ. ಹೊಸ ಯಂತ್ರದ ಬಿಲ್ಲು ಮತ್ತು ಡೆಲಿವರಿ ಮಾರ್ಚ್ 31ರೊಳಗೆ ಆಗಿದ್ದರೆ ಬ್ಲಾಕ್ 13,31,116 ಕೂಡಿಸು 25,00,000 ಕಳೆ 17,00,000, ಅಂದರೆ 21,31,116 ಆಗುತ್ತಿತ್ತು. ಬಂಡವಾಳ ಲಾಭವೇ ಇಲ್ಲ. ಅಷ್ಟರೊಳಗೆ ಯಂತ್ರ ಓಡಿಯೂ ಇದ್ದರೆ, ಬಳಕೆ 180 ದಿನಕ್ಕಿಂತ ಕಡಿಮೆಯಾದ್ದರಿಂದ ಅರ್ಧ ದರದಲ್ಲಿ 1,59,834 ಮಾಮೂಲಿ ಸವಕಳಿಯೂ ಸಿಗುತ್ತಿತ್ತು. ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಿ. ಬ್ಲಾಕಿಗೆ ಬೆಲೆ ಸೇರಲು ಯಂತ್ರ ಆ ವರ್ಷ ನಿಮ್ಮದಾಗಿರಬೇಕು, ಸವಕಳಿ ಸಿಗಲು ಅದು ಬಳಕೆಗೆ ಬಂದಿರಬೇಕು. ಮುಂಗಡ ಕೊಟ್ಟ ಮಾತ್ರಕ್ಕೆ ಎರಡೂ ಆಗುವುದಿಲ್ಲ.

ಡೆಲಿವರಿ ನಮ್ಮ ಕೈಯಲ್ಲಿರುವುದಿಲ್ಲ ಎಂಬುದು ನಿಜ, ಮಾರಾಟದ ದಿನ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇರುತ್ತದೆ. ದೊಡ್ಡ ಯಂತ್ರವನ್ನು ಜನವರಿಯಲ್ಲಿ 12 ಲಕ್ಷಕ್ಕೆ ಮಾರಿ, ಚಿಕ್ಕದನ್ನು ಹೊಸ ಯಂತ್ರ ಬರುವವರೆಗೆ ಓಡಿಸಿಕೊಂಡಿದ್ದರೆ ಏನಾಗುತ್ತಿತ್ತು ನೋಡಿ. ಮಾರ್ಚ್ 31ಕ್ಕೆ ಬ್ಲಾಕಿನಲ್ಲಿ 1,31,116 ಉಳಿದು, ಅದರ ಮೇಲೆ 19,667 ಸವಕಳಿ ಸಿಕ್ಕಿ, ಮುಂದಿನ ವರ್ಷಕ್ಕೆ 1,11,449 ಹೋಗುತ್ತಿತ್ತು. ಏಪ್ರಿಲ್‌ನಲ್ಲಿ 25 ಲಕ್ಷ ಸೇರಿದ ನಂತರ ಚಿಕ್ಕ ಯಂತ್ರ 5 ಲಕ್ಷಕ್ಕೆ ಹೋದರೂ ಬ್ಲಾಕ್ 21,11,449. ಎರಡೂ ವರ್ಷ ಬಂಡವಾಳ ಲಾಭ ಸೊನ್ನೆ. ಇದರಿಂದ ತೆರಿಗೆ ಮಾಯವಾಗುವುದಿಲ್ಲ, ಮುಂದಿನ ವರ್ಷಗಳ ಸವಕಳಿ ಅಷ್ಟು ಕಡಿಮೆಯಾಗಿ ನಿಧಾನವಾಗಿ ಬರುತ್ತದೆ. ಹೊಸ ಯಂತ್ರದ ಸಾಲ ತೀರಿಸುತ್ತಿರುವ ಸಣ್ಣ ಸಂಸ್ಥೆಗೆ ಆ ವ್ಯತ್ಯಾಸ ಬಹಳ ದೊಡ್ಡದು.

ಬ್ಲಾಕಿನಲ್ಲಿ ಒಂದು ಸಣ್ಣ ವಸ್ತು, ಒಂದು ಎಸಿಯೋ ಡ್ರಿಲ್ಲೋ ಉಳಿಸಿಕೊಂಡರೆ ಸಾಕು ಎಂಬ ಸಲಹೆ ಓಡಾಡುತ್ತಿದೆ. ಅದು ಅರ್ಧ ಸತ್ಯ. ಮಾರಾಟದ ಹಣ ಬ್ಲಾಕಿನ ಮೊತ್ತವನ್ನು ಮೀರಿದರೆ ಎಷ್ಟು ವಸ್ತು ಉಳಿದಿದ್ದರೂ ಲಾಭ ಬಂದೇ ಬರುತ್ತದೆ. ಆ ಸಲಹೆ ಉಪಯೋಗಕ್ಕೆ ಬರುವುದು ತದ್ವಿರುದ್ಧ ಸಂದರ್ಭದಲ್ಲಿ. ಇದೇ ಯಂತ್ರಗಳು 9 ಲಕ್ಷಕ್ಕೆ ಮಾತ್ರ ಹೋಗಿದ್ದವು ಎಂದುಕೊಳ್ಳಿ. ಬ್ಲಾಕ್ ಪೂರ್ತಿ ಖಾಲಿಯಾಗಿದ್ದರೆ ಉಳಿದ 4,31,116 ಅಲ್ಪಾವಧಿ ಬಂಡವಾಳ ನಷ್ಟವಾಗುತ್ತದೆ. ಅದನ್ನು ವ್ಯಾಪಾರದ ಲಾಭದಿಂದ ಕಳೆಯುವಂತಿಲ್ಲ, ಬಂಡವಾಳ ಲಾಭಕ್ಕಾಗಿ ಎಂಟು ವರ್ಷ ಕಾಯಬಹುದು, ಅಷ್ಟೇ. ಬಳಕೆಯಲ್ಲಿರುವ ಒಂದು ವಸ್ತುವಾದರೂ ಬ್ಲಾಕಿನಲ್ಲಿ ಉಳಿದಿದ್ದರೆ ಆ 4,31,116 ಅಲ್ಲೇ ಇದ್ದು, ವರ್ಷ ವರ್ಷ 15 ಶೇಕಡಾದಂತೆ ವ್ಯಾಪಾರದ ಲಾಭದಿಂದಲೇ ಕಳೆಯುತ್ತದೆ.

ನಷ್ಟದ ವರ್ಷ ಸವಕಳಿ ಹಾಕದೆ ಬಿಟ್ಟು ಬ್ಲಾಕನ್ನು ಎತ್ತರದಲ್ಲಿ ಉಳಿಸಿಕೊಳ್ಳೋಣ ಎಂದೂ ಕೆಲವರು ಕೇಳುತ್ತಾರೆ. ಆಗದು. ನೀವು ಕೇಳಿದರೂ ಬಿಟ್ಟರೂ ಕೊಟ್ಟಂತೆಯೇ ಲೆಕ್ಕ ಎಂದು ಸೆಕ್ಷನ್ 32ರ ವಿವರಣೆ 5 ಹೇಳುತ್ತದೆ.

ಯಂತ್ರ ಮಾರುವ ಮೊದಲು ಹಳೆಯ ರಿಟರ್ನ್ ತೆರೆದು `Schedule DPM` ನೋಡಿ. ಅಲ್ಲಿ 15 ಶೇಕಡಾ ಕಾಲಮ್ಮಿನ ಕೊನೆಯ ಡಬ್ಲ್ಯುಡಿವಿಯೇ ನಿಮ್ಮ ಆರಂಭದ ಮೊತ್ತ, ಪುಸ್ತಕದ ಆಸ್ತಿ ರಿಜಿಸ್ಟರಿನಲ್ಲಿರುವ ಬೆಲೆಯಲ್ಲ. ಅದಕ್ಕೆ ಈ ವರ್ಷ ಕೊಂಡದ್ದನ್ನು ಸೇರಿಸಿ, ಮಾರಾಟದ ಹಣವನ್ನು ಕಳೆಯಿರಿ. ಮೊತ್ತ ಸೊನ್ನೆಗಿಂತ ಕೆಳಗೆ ಹೋದರೆ ರಿಟರ್ನಿನಲ್ಲಿ `Schedule DCG` ತುಂಬಬೇಕಾಗುತ್ತದೆ, ಮುಂಗಡ ತೆರಿಗೆಯ ಮಾರ್ಚ್ 15ರ ಕಂತಿನಲ್ಲಿ ಅದರ ಪಾಲೂ ಸೇರಬೇಕು. ಮಾರಾಟ ಆಗಿಹೋಗಿದ್ದರೆ ಪುಸ್ತಕದ ಸವಕಳಿಯ ಜೊತೆಗೆ ಮಾರಾಟದ ಪುಸ್ತಕ ನಷ್ಟವೂ `Schedule BP`ಯಲ್ಲಿ ಆದಾಯಕ್ಕೆ ವಾಪಸ್ ಸೇರಿದೆಯೇ ಎಂದು ಆಡಿಟರ್ ಬಳಿ ಕೂತು ನೋಡಿ. ಪುಸ್ತಕದಲ್ಲಿ ಲಾಭ ತೋರಿಸಿದ್ದರೆ ಅದನ್ನು ವ್ಯಾಪಾರದ ಆದಾಯದಿಂದ ಕಳೆಯಬೇಕು, ಇಲ್ಲದಿದ್ದರೆ ಒಂದೇ ಹಣಕ್ಕೆ ಎರಡು ಕಡೆ ತೆರಿಗೆ ಬೀಳುತ್ತದೆ.

2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಯಲ್ಲಿದೆ. ಅಲ್ಲಿಂದ ಮುಂದಿನ ಮಾರಾಟಗಳಿಗೆ ಇಲ್ಲಿ ಹೇಳಿದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ, ಬ್ಲಾಕ್ ಪದ್ಧತಿ ಮಾತ್ರ ಹಾಗೆಯೇ ಮುಂದುವರಿದಿದೆ.